ನೋಡಿದ್ದಕ್ಕೆ ಎಷ್ಟು ಅಂಕ, ಓದಿದ್ದಕ್ಕೆ ಎಷ್ಟು?

‘ಬೇಲೂರಿನ ಮದನಿಕೆಯರು ಒಬ್ಬನೇ ಶಿಲ್ಪಿಯ ಕೈಕೆಲಸವೇ? ಯಾವುದಾದರೂ ಮೂರು ಶಿಲ್ಪಗಳನ್ನು ಆಧಾರವಾಗಿಟ್ಟುಕೊಂಡು ವಾದಿಸಿ.’ ಕಲಾ ಇತಿಹಾಸ ಓದುವ ಪದವಿ ವಿದ್ಯಾರ್ಥಿಗಳಿಗೆ 1500 ಪದಗಳ ಪ್ರಬಂಧಕ್ಕೆ ಇಂಥದೊಂದು ಪ್ರಶ್ನೆ ಕೊಟ್ಟು ನೋಡಿ. ಬರುವ ಬರಹಗಳನ್ನು ಸಾಮಾನ್ಯವಾಗಿ ಮೂರು ಗುಂಪು ಮಾಡಬಹುದು. ಕಷ್ಟ ಇರುವುದು ಗುಂಪು ಮಾಡುವುದರಲ್ಲಿ ಅಲ್ಲ, ಮೂರಕ್ಕೂ ನ್ಯಾಯವಾಗಿ ಅಂಕ ಹಾಕುವುದರಲ್ಲಿ. ಅದಕ್ಕೆಂದೇ ಅಧ್ಯಾಪಕರು ರೂಬ್ರಿಕ್ ಎಂಬ ಪಟ್ಟಿಯನ್ನು ಮಾಡಿಕೊಳ್ಳುತ್ತಾರೆ. ಯಾವ ಗುಣಕ್ಕೆ ಎಷ್ಟು ಅಂಕ, ಆ ಗುಣ ಚೆನ್ನಾಗಿದ್ದರೆ ಹೇಗಿರುತ್ತದೆ, ಸಾಧಾರಣವಾಗಿದ್ದರೆ ಹೇಗಿರುತ್ತದೆ ಎಂದು ಮೊದಲೇ ಬರೆದಿಟ್ಟ ಒಂದು ಹಾಳೆ ಅದು. ಕಲಾ ಇತಿಹಾಸದಲ್ಲಿ ಈ ಹಾಳೆಯಲ್ಲಿ ಮೂರು ಸಂಗತಿಗಳು ಇರಲೇಬೇಕು: ವಾದ, ಕಣ್ಣಿಗೆ ಕಾಣುವ ಸಾಕ್ಷ್ಯ ಮತ್ತು ಉಲ್ಲೇಖ. ಈ ಮೂರನ್ನೂ ಬರೆದು ಪಕ್ಕದಲ್ಲಿ ಅಂಕ ಹಂಚಿಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವುದೇ ಮೊದಲ ತಪ್ಪು. ಅದು ಯಾಕೆ ಎಂದು ತಿಳಿಯಬೇಕಾದರೆ ಬೇಲೂರಿಗೇ ಹೋಗಬೇಕು.

ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಹೊರಗೋಡೆಯ ಮೇಲುಭಾಗದಲ್ಲಿ, ಮುಂಚಾಚಿದ ಸೂರಿನ ಅಡಿಗೆ ಓರೆಯಾಗಿ ನಿಲ್ಲಿಸಿದ ಹೆಣ್ಣುರೂಪಗಳೇ ಮದನಿಕೆಯರು. ಹೊರಗೆ 38, ಒಳಗೆ ನವರಂಗದ ನಡುಗಂಬಗಳ ಮೇಲೆ 4. ಬಳಪದ ಕಲ್ಲು ಮೆದುವಾದ್ದರಿಂದ ಉಳಿ ಎಲ್ಲಿ ಬೇಕೆಂದರಲ್ಲಿ ಹೊಕ್ಕಿದೆ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತದೆ, ಒಬ್ಬಳ ತಲೆಯ ಮೇಲಿನ ಬಳ್ಳಿಚಪ್ಪರದಲ್ಲಿ ಹಲಸಿನ ಹಣ್ಣಿನ ಮೇಲೆ ಕೂತ ನೊಣಕ್ಕೆ ಹಲ್ಲಿಯೊಂದು ಹೊಂಚು ಹಾಕಿದೆ. ಈ ಶಿಲ್ಪಗಳಲ್ಲಿ ಹಲವದರ ಪೀಠದಲ್ಲಿ ಮಾಡಿದವನ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ಹಾಗೆ ಹೆಸರು ಬಿಟ್ಟುಹೋದವರು. ಬರಿ ಹೆಸರಲ್ಲ, ಎದುರಾಳಿ ಶಿಲ್ಪಿಗಳನ್ನು ಮಣಿಸಿದವರೆಂಬ ಬಿರುದುಗಳೂ ಜೊತೆಗಿವೆ. ಜಕಣಾಚಾರಿಯ ಹೆಸರು ಮಾತ್ರ ಅಲ್ಲಿನ ಯಾವ ಶಾಸನದಲ್ಲೂ ಇಲ್ಲ.

ಈಗ ಮೂರು ಪ್ರಬಂಧಗಳನ್ನು ನೋಡೋಣ. ಇವು ವಿವರಣೆಗಾಗಿ ನಾನು ಕಟ್ಟಿಕೊಂಡವು. ಆದರೆ ಪಾಠ ಹೇಳುವ ಯಾರಿಗೂ ಇವು ಹೊಸವೆನಿಸಲಾರವು.

ಮೊದಲನೆಯದು ‘ಕಲ್ಲಿನಲ್ಲಿ ಅರಳಿದ ಕಾವ್ಯ’ ಎಂದು ಶುರುವಾಗುತ್ತದೆ. ಅಮರಶಿಲ್ಪಿ ಜಕಣಾಚಾರಿ, ಅವನ ಮಗ ಡಂಕಣ, ಕಲ್ಲಿನೊಳಗಿನ ಕಪ್ಪೆ ಎಲ್ಲವೂ ಬರುತ್ತವೆ. ಕನ್ನಡಿ ಹಿಡಿದವಳಿಗೆ ರಾಣಿ ಶಾಂತಲೆಯೇ ಮಾದರಿಯಾಗಿದ್ದಳು ಎಂಬ ಮಾತೂ ಬರುತ್ತದೆ. ಭಾಷೆ ಸೊಗಸಾಗಿದೆ. ಆ ಕಥೆಯ ಮೇಲೆ 1964ರಲ್ಲಿ ಬಣ್ಣದ ಸಿನಿಮಾವೇ ಬಂದಿರುವಾಗ ಅದು ವಿದ್ಯಾರ್ಥಿಯ ಮನಸ್ಸಿನಲ್ಲಿ ಕೂತಿರುವುದು ಸಹಜ. ಆದರೆ ಪ್ರಶ್ನೆಗೆ ಬೇಕಾದ ಆಧಾರ ಅಲ್ಲಿಲ್ಲ.

ಎರಡನೆಯದರಲ್ಲಿ ಅಡಿಟಿಪ್ಪಣಿಗಳು ತುಂಬಿವೆ. ಆರ್. ನರಸಿಂಹಾಚಾರ್ ಅವರು 1919ರಲ್ಲಿ ಹೊರತಂದ ಬೇಲೂರು ದೇವಾಲಯದ ಕಿರುಹೊತ್ತಗೆ, ಕೆಲ್ಲೆಸನ್ ಕಾಲಿಯರ್ ಹೊಯ್ಸಳ ಶಿಲ್ಪಿಗಳ ಗುರುತು ಮತ್ತು ಶೈಲಿಗಳ ಬಗ್ಗೆ ಬರೆದ 1990ರ ಪುಸ್ತಕ, ಷ. ಶೆಟ್ಟರ್ ಅವರ ಸಂಪುಟಗಳು ಎಲ್ಲವನ್ನೂ ಹೆಸರಿಸಲಾಗಿದೆ. ಪುಟಸಂಖ್ಯೆಗಳು ಸರಿಯಾಗಿವೆ. ಮೂರು ಚಿತ್ರಗಳನ್ನು ಕೊನೆಯಲ್ಲಿ ಅಂಟಿಸಲಾಗಿದೆ, ಬರಹದೊಳಗೆ ಅವುಗಳ ಮಾತೇ ಇಲ್ಲ. ‘ಶೈಲಿಯಲ್ಲಿ ವ್ಯತ್ಯಾಸವಿದೆ ಎಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ’ ಎನ್ನುವಲ್ಲಿಗೆ ವಾದ ನಿಲ್ಲುತ್ತದೆ.

ಮೂರನೆಯದು ಒರಟು. ವಾಕ್ಯಗಳು ಅಲ್ಲಲ್ಲಿ ತಡವರಿಸುತ್ತವೆ, ಎರಡು ಕಡೆ ಪುಟಸಂಖ್ಯೆ ಇಲ್ಲ, ಒಂದು ಚಿತ್ರ ಎಲ್ಲಿಂದ ಬಂತೆಂದು ಹೇಳಿಲ್ಲ. ಆದರೆ ಬರೆದವಳು ದೇವಾಲಯದ ಸುತ್ತ ನಡೆದಿದ್ದಾಳೆ. ದಾಸೋಜನ ಹೆಸರಿರುವ ಒಂದು, ಚಾವಣನ ಹೆಸರಿರುವ ಒಂದು, ಹೆಸರಿಲ್ಲದ ಒಂದು ಶಿಲ್ಪವನ್ನು ಆರಿಸಿಕೊಂಡಿದ್ದಾಳೆ. ತಲೆಯ ಮೇಲಿನ ಬಳ್ಳಿಚಪ್ಪರದ ಎಲೆಗಳ ನಡುವೆ ಬೆಳಕು ಹಾಯುವಂತೆ ಕಲ್ಲನ್ನು ಪೂರ್ತಿ ಕೊರೆದಿದೆಯೇ ಅಥವಾ ಮೇಲ್ಮೈಯಲ್ಲಿ ಮಾತ್ರ ಕೆತ್ತಿದೆಯೇ, ಕೊರಳ ಹಾರ ಮೈಯಿಂದ ಬಿಡಿಸಿಕೊಂಡು ನಿಂತಿದೆಯೇ ಅಥವಾ ಅಂಟಿಕೊಂಡಿದೆಯೇ, ಕಾಲಬಳಿಯ ಕಿರುರೂಪಗಳು ನಾಯಿಕೆಯ ಕಡೆಗೆ ತಿರುಗಿವೆಯೇ ಅಥವಾ ತಮ್ಮ ಪಾಡಿಗೆ ನಿಂತಿವೆಯೇ ಎಂಬ ಮೂರೇ ಅಂಶಗಳನ್ನು ಹಿಡಿದು ಮೂರು ಶಿಲ್ಪಗಳನ್ನೂ ಹೋಲಿಸುತ್ತಾಳೆ. ಕೊನೆಗೆ ‘ಹೆಸರಿಲ್ಲದ ಶಿಲ್ಪ ದಾಸೋಜನ ಕೆಲಸಕ್ಕೆ ಹತ್ತಿರವಿದೆ, ಆದರೆ ಅವನದೇ ಎನ್ನಲು ಈ ಮೂರು ಅಂಶ ಸಾಲವು’ ಎಂದು ಮುಗಿಸುತ್ತಾಳೆ.

ವಾದಕ್ಕೆ 30, ದೃಶ್ಯ ಸಾಕ್ಷ್ಯಕ್ಕೆ 30, ಉಲ್ಲೇಖಕ್ಕೆ 20, ಭಾಷೆ ಮತ್ತು ಜೋಡಣೆಗೆ 20 ಎಂದು ಹಂಚಿದ, ನೋಡಲು ಸಮತೋಲವಾಗಿರುವ ರೂಬ್ರಿಕ್ ಒಂದನ್ನು ಕೊನೆಯ ಎರಡು ಪ್ರಬಂಧಗಳಿಗೆ ಹಚ್ಚಿ ನೋಡೋಣ. ಅಡಿಟಿಪ್ಪಣಿಗಳ ಪ್ರಬಂಧಕ್ಕೆ ವಾದದಲ್ಲಿ 12, ದೃಶ್ಯ ಸಾಕ್ಷ್ಯದಲ್ಲಿ 12, ಉಲ್ಲೇಖದಲ್ಲಿ 18, ಭಾಷೆಯಲ್ಲಿ 16, ಒಟ್ಟು 58. ಸುತ್ತ ನಡೆದು ನೋಡಿದವಳಿಗೆ ವಾದದಲ್ಲಿ 19, ದೃಶ್ಯ ಸಾಕ್ಷ್ಯದಲ್ಲಿ 25, ಉಲ್ಲೇಖದಲ್ಲಿ 7, ಭಾಷೆಯಲ್ಲಿ 9, ಒಟ್ಟು 60. ಎರಡು ಅಂಕದ ಅಂತರ. ಒಂದರಲ್ಲಿ ಕಲಾ ಇತಿಹಾಸದ ಕೆಲಸ ನಡೆದಿದೆ, ಇನ್ನೊಂದರಲ್ಲಿ ಆ ಕೆಲಸ ಮಾಡಿದವರ ಪಟ್ಟಿ ಇದೆ. ಅಂಕಗಳು ಇದನ್ನು ಹೇಳುತ್ತಿಲ್ಲ. ಇಲ್ಲಿ ಮೌಲ್ಯಮಾಪಕರು ಎಡವಿಲ್ಲ, ಪ್ರತಿಯೊಂದು ಕಾಲಮ್ಮಿನಲ್ಲೂ ಸರಿಯಾಗಿಯೇ ಅಂಕ ಹಾಕಿದ್ದಾರೆ. ಕಾಲಮ್ಮುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಕೂಡಿಸಿದ್ದೇ ದೋಷ. ಒಂದರಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರಲ್ಲಿ ಸಂಪಾದಿಸಿಕೊಳ್ಳಬಹುದು ಎಂದು ಅದು ವಿದ್ಯಾರ್ಥಿಗೆ ಹೇಳಿಕೊಟ್ಟಂತಾಯಿತು.

ಹಾಗಾಗಿ ನಾನು ಒಪ್ಪುವ ಹಂಚಿಕೆ ಬೇರೆ: ದೃಶ್ಯ ಸಾಕ್ಷ್ಯಕ್ಕೆ 40, ವಾದಕ್ಕೆ 35, ಉಲ್ಲೇಖಕ್ಕೆ 15, ಭಾಷೆಗೆ 10. ಇದರ ಜೊತೆಗೆ ಒಂದು ಷರತ್ತು. ದೃಶ್ಯ ಸಾಕ್ಷ್ಯದಲ್ಲಿ ಅರ್ಧಕ್ಕಿಂತ ಕಡಿಮೆ, ಅಂದರೆ 20ರ ಒಳಗೆ ಬಂದರೆ ವಾದದಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 17ರ ಮೇಲೆ ಕೊಡುವಂತಿಲ್ಲ. ಕಣ್ಣಿಗೆ ಕಾಣುವ ಆಧಾರವಿಲ್ಲದೆ ಶೈಲಿಯ ಬಗ್ಗೆ ಬಲವಾದ ವಾದ ಇರಲು ಸಾಧ್ಯವೇ ಇಲ್ಲ, ಇದ್ದಂತೆ ಕಂಡರೆ ಅದು ಬೇರೆಯವರ ವಾದ. ಈ ಹಂಚಿಕೆಯಲ್ಲಿ ಅಡಿಟಿಪ್ಪಣಿಗಳ ಪ್ರಬಂಧಕ್ಕೆ ದೃಶ್ಯ ಸಾಕ್ಷ್ಯದಲ್ಲಿ 16, ವಾದದಲ್ಲಿ 14, ಉಲ್ಲೇಖದಲ್ಲಿ 9, ಭಾಷೆಯಲ್ಲಿ 8 ಬಂದು ಒಟ್ಟು 47 ಆಗುತ್ತದೆ. ನೋಡಿ ಬರೆದವಳಿಗೆ 33, 22, 5, 5 ಸೇರಿ 65. ಮೊದಲಿನವರ ಉಲ್ಲೇಖದ ಅಂಕ 20ಕ್ಕೆ 18 ಇದ್ದದ್ದು 15ಕ್ಕೆ 9 ಆದದ್ದು ಯಾಕೆಂಬುದಕ್ಕೆ ಮುಂದೆ ಬರುತ್ತೇನೆ. ಆ ಪ್ರಬಂಧದಲ್ಲಿ ವಾದಕ್ಕೆ 14 ಮಾತ್ರ ಬಂದದ್ದರಿಂದ ಷರತ್ತು ಅಲ್ಲಿ ಕೆಲಸಕ್ಕೆ ಬರಲಿಲ್ಲ ಎಂಬುದನ್ನೂ ಗಮನಿಸಿ. ಷರತ್ತು ಬೇಕಾಗುವುದು ಇನ್ನೂ ಜಾಣತನದ ಬರಹಕ್ಕೆ: ಕಾಲಿಯರ್ ಅವರ ವಾದವನ್ನೇ ಚೆಂದವಾಗಿ ಮರುಹೇಳಿ ತನ್ನದೆಂಬಂತೆ ನಿಲ್ಲಿಸುವ ವಿದ್ಯಾರ್ಥಿಗೆ.

ಇನ್ನು ದೃಶ್ಯ ಸಾಕ್ಷ್ಯ ಎಂದರೆ ಏನು ಎಂಬ ಪ್ರಶ್ನೆ. ಹೆಚ್ಚಿನ ರೂಬ್ರಿಕ್‌ಗಳಲ್ಲಿ ‘ಚಿತ್ರಗಳ ಉತ್ತಮ ಬಳಕೆ’, ‘ಚಿತ್ರಗಳ ಸಾಧಾರಣ ಬಳಕೆ’ ಎಂದು ಬರೆದಿರುತ್ತಾರೆ. ಅದರಿಂದ ಅಂಕ ಹಾಕುವವರಿಗೂ ಪ್ರಯೋಜನವಿಲ್ಲ, ಬರೆಯುವವರಿಗೂ ಇಲ್ಲ. ಉತ್ತಮ ಎಂದರೆ ಎಷ್ಟು ಚಿತ್ರ ಎಂದು ವಿದ್ಯಾರ್ಥಿ ಕೇಳುತ್ತಾನೆ, ಹತ್ತು ಚಿತ್ರ ಅಂಟಿಸುತ್ತಾನೆ. ನಾನು ಎರಡು ಸರಳ ಪರೀಕ್ಷೆಗಳನ್ನು ನೆಚ್ಚಿಕೊಂಡಿದ್ದೇನೆ. ಒಂದು, ಶಿಲ್ಪವನ್ನು ನೋಡದೆಯೇ ಈ ವಾಕ್ಯ ಬರೆಯಬಹುದಿತ್ತೇ? ‘ಹೊಯ್ಸಳ ಶಿಲ್ಪಗಳಲ್ಲಿ ಆಭರಣಗಳು ಸೂಕ್ಷ್ಮವಾಗಿವೆ’ ಎಂದು ಬರೆಯಲು ಬೇಲೂರಿಗೆ ಹೋಗುವುದಿರಲಿ, ಫೋಟೊವನ್ನೂ ನೋಡಬೇಕಿಲ್ಲ. ಎರಡು, ಈ ವಾಕ್ಯವನ್ನು ಪಕ್ಕದ ಶಿಲ್ಪಕ್ಕೆ ಎತ್ತಿಟ್ಟರೂ ಹೊಂದುತ್ತದೆಯೇ? ‘ತ್ರಿಭಂಗಿಯಲ್ಲಿ ನಿಂತಿದ್ದಾಳೆ, ಮುಖದಲ್ಲಿ ಲಾವಣ್ಯವಿದೆ’ ಎಂಬುದು ಬಹುಪಾಲು ಮದನಿಕೆಯರಿಗೆ ಹೊಂದುತ್ತದೆ. ಹಾಗೆ ಹೊಂದುವುದಾದರೆ ಅದು ವರ್ಣನೆಯಷ್ಟೇ, ಇವರಿಬ್ಬರ ಕೈ ಬೇರೆ ಎಂದು ತೋರಿಸುವ ಶಕ್ತಿ ಅದಕ್ಕಿಲ್ಲ.

ಆದ್ದರಿಂದ ರೂಬ್ರಿಕ್‌ನಲ್ಲಿ ಹೀಗೆ ಬರೆಯುವುದು ಮೇಲು. 40ಕ್ಕೆ 32ರಿಂದ ಮೇಲೆ ಪಡೆಯುವ ಪ್ರಬಂಧದಲ್ಲಿ ಪ್ರತಿ ಶಿಲ್ಪದ ನಿರ್ದಿಷ್ಟ ಭಾಗವನ್ನು ಹೆಸರಿಸಿ, ಅದೇ ಭಾಗವನ್ನು ಉಳಿದ ಶಿಲ್ಪಗಳಲ್ಲೂ ನೋಡಿ, ಸಿಕ್ಕ ಹೋಲಿಕೆ ಅಥವಾ ವ್ಯತ್ಯಾಸ ವಾದವನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಹೇಳಿರುತ್ತದೆ. ತನ್ನ ವಾದಕ್ಕೆ ವಿರುದ್ಧವಾಗಿ ಕಾಣುವ ಒಂದು ವಿವರವನ್ನಾದರೂ ಎದುರಿಸಿರುತ್ತದೆ. 24ರಿಂದ 31ರವರೆಗಿನದರಲ್ಲಿ ವಿವರಗಳು ನಿಖರವಾಗಿವೆ, ಆದರೆ ಅವುಗಳಿಂದ ಏನು ಸಾಬೀತಾಯಿತು ಎಂಬುದು ಅರ್ಧಕ್ಕೆ ನಿಂತಿದೆ. 16ರಿಂದ 23ರದರಲ್ಲಿ ಶಿಲ್ಪಗಳ ವರ್ಣನೆ ಇದೆ, ಯಾವ ಶಿಲ್ಪಕ್ಕೂ ಹೊಂದುವಂಥದ್ದು. ಅದಕ್ಕೂ ಕೆಳಗಿನದರಲ್ಲಿ ಚಿತ್ರ ಅಲಂಕಾರಕ್ಕಿದೆ. ಇಷ್ಟು ಸ್ಪಷ್ಟವಾಗಿ ಬರೆದರೆ ವಿದ್ಯಾರ್ಥಿ ತನ್ನ ಕರಡನ್ನು ತಾನೇ ಅಳೆದುಕೊಳ್ಳಬಲ್ಲ.

ಒಂದು ಎಚ್ಚರವನ್ನು ಇಲ್ಲೇ ಹೇಳಬೇಕು. ಮದನಿಕೆಯರು ಸೂರಿನಡಿ ಮುಂದಕ್ಕೆ ಬಾಗಿ ನಿಂತಿರುವುದರಿಂದ ನೆಲದಲ್ಲಿ ನಿಂತವರಿಗೆ ಕಾಣುವ ಆಕಾರವೇ ಬೇರೆ, ದೂರದಿಂದ ಜೂಮ್ ಮಾಡಿ ತೆಗೆದ ಫೋಟೊದಲ್ಲಿ ಕಾಣುವುದೇ ಬೇರೆ. ಬೆಳಗಿನ ಓರೆ ಬಿಸಿಲಲ್ಲಿ ಆಳವಾಗಿ ಕಾಣುವ ಕೆತ್ತನೆ ಮಧ್ಯಾಹ್ನದ ಫೋಟೊದಲ್ಲಿ ಚಪ್ಪಟೆಯಾಗಬಹುದು. ಇಬ್ಬರು ಶಿಲ್ಪಿಗಳ ನಡುವಿನ ವ್ಯತ್ಯಾಸವೆಂದು ವಿದ್ಯಾರ್ಥಿ ಬರೆದದ್ದು ನಿಜವಾಗಿ ಎರಡು ಕ್ಯಾಮೆರಾಗಳ ನಡುವಿನ ವ್ಯತ್ಯಾಸ ಆಗಿರಬಹುದು. ಹೋಲಿಕೆಗೆ ಬಳಸುವ ಚಿತ್ರಗಳು ಸಾಧ್ಯವಾದಷ್ಟೂ ಒಂದೇ ಕೋನದವು, ಒಂದೇ ಬೆಳಕಿನವು ಆಗಿರಬೇಕು, ಆಗಿಲ್ಲದಿದ್ದರೆ ಅದನ್ನು ಬರಹದಲ್ಲಿ ಹೇಳಿರಬೇಕು. ಹೀಗೆ ಹೇಳಿಕೊಂಡವರ ಅಂಕ ಕಡಿಮೆ ಮಾಡಬಾರದು, ಹೆಚ್ಚಿಸಬೇಕು. ತನ್ನ ಸಾಕ್ಷ್ಯದ ಮಿತಿ ಗೊತ್ತಿರುವವನು ಸಾಕ್ಷ್ಯವನ್ನು ನಿಜವಾಗಿ ನೋಡಿದ್ದಾನೆ ಎಂದೇ ಅರ್ಥ.

ವಾದದ ಕಾಲಮ್ಮಿನಲ್ಲಿ ಹೆಚ್ಚಾಗಿ ಆಗುವ ಅನ್ಯಾಯ ಏನೆಂದರೆ, ದೊಡ್ಡ ಮಾತಿಗೆ ದೊಡ್ಡ ಅಂಕ ಬೀಳುವುದು. ‘ಬೇಲೂರಿನ ಎಲ್ಲ ಮದನಿಕೆಯರೂ ಒಬ್ಬನೇ ಮಹಾಶಿಲ್ಪಿಯ ಕಲ್ಪನೆ’ ಎಂದವನು ಧೈರ್ಯವಂತನಂತೆ ಕಾಣುತ್ತಾನೆ. ‘ಮೂರರಲ್ಲಿ ಎರಡು ಹತ್ತಿರವಿವೆ, ಆದರೆ ಖಚಿತವಾಗಿ ಹೇಳಲಾಗದು’ ಎಂದವಳು ಹಿಂಜರಿದಂತೆ ಕಾಣುತ್ತಾಳೆ. ನಿಜದಲ್ಲಿ ಎರಡನೆಯ ಮಾತೇ ಗಟ್ಟಿ, ಏಕೆಂದರೆ ಅದನ್ನು ಮೂರು ಶಿಲ್ಪಗಳಷ್ಟೇ ಅಗಲಕ್ಕೆ ನಿಲ್ಲಿಸಲಾಗಿದೆ. ವಾದದ ಅಗಲ ಆಧಾರದ ಅಗಲಕ್ಕೆ ಸರಿಯಾಗಿದೆಯೇ ಎಂಬುದನ್ನೇ ಅಳತೆಯಾಗಿ ಬರೆದಿಟ್ಟರೆ ಈ ಅನ್ಯಾಯ ತಪ್ಪುತ್ತದೆ. ಹೆಸರಿನ ವಿಷಯದಲ್ಲೂ ಯೋಚನೆ ಬೇಕು. ಪೀಠದಲ್ಲಿ ದಾಸೋಜನ ಹೆಸರಿದ್ದ ಮಾತ್ರಕ್ಕೆ ಮುಡಿಯಿಂದ ಹೆಜ್ಜೆಯವರೆಗೆ ಅವನೊಬ್ಬನೇ ಕೆತ್ತಿದನೆಂದು ಆಗುವುದಿಲ್ಲ, ಅವನ ಕೈಕೆಳಗಿನವರು ಚಪ್ಪರವನ್ನೋ ಪೀಠವನ್ನೋ ಮಾಡಿರಬಹುದು. ಈ ಸಾಧ್ಯತೆಯನ್ನು ಒಂದು ವಾಕ್ಯದಲ್ಲಾದರೂ ಎತ್ತಿದ ಪ್ರಬಂಧ ವಾದದಲ್ಲಿ ಮೇಲಿನ ಮೆಟ್ಟಿಲಿಗೆ ಸೇರಬೇಕು.

ಈಗ ಉಲ್ಲೇಖಕ್ಕೆ ಬರೋಣ. ಅಡಿಟಿಪ್ಪಣಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಕಲಾ ಇತಿಹಾಸದಲ್ಲಿ ಅದು ಪೂರ್ತಿ ನಿಜವಲ್ಲ. ನಮ್ಮ ಕಣ್ಣಿಗೆ ಕಂಡದ್ದಕ್ಕೆ ಯಾರ ಉಲ್ಲೇಖವೂ ಬೇಕಿಲ್ಲ. ‘ಕೋತಿ ಅವಳ ಸೀರೆಯ ಅಂಚನ್ನು ಹಿಡಿದೆಳೆಯುತ್ತಿದೆ’ ಎಂಬುದಕ್ಕೆ ಪುಸ್ತಕದ ಪುಟ ತೋರಿಸಿದರೆ ವಿದ್ಯಾರ್ಥಿ ಬೇರೆಯವರ ಕಣ್ಣಿಂದ ನೋಡಿದ್ದಾನೆ ಎಂದು ಗೊತ್ತಾಗುತ್ತದೆ. ಉಲ್ಲೇಖ ಬೇಕಾದದ್ದು ನೋಡಿದರೆ ತಿಳಿಯದ ಸಂಗತಿಗಳಿಗೆ: ಇಸವಿ, ಶಾಸನದ ಪಾಠ, ಇನ್ನೊಬ್ಬರ ಅಭಿಪ್ರಾಯ, ಚಿತ್ರದ ಮೂಲ. ಅಡಿಟಿಪ್ಪಣಿಗಳ ಪ್ರಬಂಧ ಕಳೆದುಕೊಂಡದ್ದು ಇಲ್ಲೇ. ವರ್ಣನೆಗೆಲ್ಲ ಪುಟಸಂಖ್ಯೆ ಕೊಟ್ಟಿತ್ತು, ಆದರೆ ಚಾವಣನ ಹೆಸರು ಯಾವ ಶಿಲ್ಪದ ಪೀಠದಲ್ಲಿದೆ ಎಂಬ ಮುಖ್ಯ ಸಂಗತಿಗೆ ಶಾಸನದ ಸಂಖ್ಯೆ ಕೊಟ್ಟಿರಲಿಲ್ಲ. ರೂಪ ಚೊಕ್ಕವಾಗಿದ್ದರೂ ಬೇಕಾದ ಜಾಗದಲ್ಲಿ ಇಲ್ಲದ್ದರಿಂದ 9.

ಶಾಸನದ ಉಲ್ಲೇಖದಲ್ಲಿ ನಮ್ಮಲ್ಲೇ ಇರುವ ಒಂದು ತೊಡಕನ್ನು ಅಧ್ಯಾಪಕರು ತರಗತಿಯಲ್ಲಿ ಹೇಳಿಕೊಡಬೇಕು. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಜೋಡಣೆ ಬದಲಾಯಿತು. ಆದ್ದರಿಂದ ‘ಎ.ಕ., ಬೇಲೂರು, ಇಂಥ ಸಂಖ್ಯೆ’ ಎಂದಷ್ಟೇ ಬರೆದರೆ ಓದುಗ ಬೇರೆಯೇ ಶಾಸನಕ್ಕೆ ಹೋಗಿಬಿಡಬಹುದು. ಯಾವ ಆವೃತ್ತಿ ಎಂಬುದನ್ನು ಸೇರಿಸಿದವರಿಗೆ ಈ ಕಾಲಮ್ಮಿನಲ್ಲಿ ಪೂರ್ತಿ ಅಂಕ ಸಲ್ಲಬೇಕು. ಚಿತ್ರದ ಕೆಳಗಿನ ಸಾಲಿಗೂ ಇದೇ ಮಾತು. ‘ಮದನಿಕೆ, ಬೇಲೂರು’ ಎಂದರೆ 38ರಲ್ಲಿ ಯಾವುದು? ಪೂರ್ವದ ಬಾಗಿಲಿನಿಂದ ಪ್ರದಕ್ಷಿಣೆಯಾಗಿ ಎಷ್ಟನೆಯದು, ಫೋಟೊ ಯಾರದು, ಯಾವಾಗ ತೆಗೆದದ್ದು ಎಂಬುದು ಇದ್ದರೆ ಇನ್ನೊಬ್ಬರು ಹೋಗಿ ಪರೀಕ್ಷಿಸಬಹುದು. ಇಂಟರ್ನೆಟ್ಟಿನಲ್ಲಿ ಬೇಲೂರಿನದೆಂದು ಹಾಕಿರುವ ಫೋಟೊ ಬೇರೆ ಊರಿನದಾಗಿರುವುದೂ ಉಂಟು.

ಹಾಗಾದರೆ ಜಕಣಾಚಾರಿಯ ಕಥೆ ಬರೆದವನನ್ನು ಏನು ಮಾಡಬೇಕು? ಕಥೆ ಬರೆದದ್ದು ತಪ್ಪಲ್ಲ. ‘ದೇವಾಲಯದಲ್ಲಿ ಗೈಡ್ ಹೇಳಿದ ಪ್ರಕಾರ’ ಎಂದು, ದಿನಾಂಕದೊಂದಿಗೆ, ಬಾಯಿಮಾತಿನ ಮೂಲವಾಗಿಯೇ ಅದನ್ನು ಉಲ್ಲೇಖಿಸಬಹುದು. ಇಷ್ಟೊಂದು ಶಿಲ್ಪಿಗಳ ಹೆಸರು ಕಲ್ಲಿನಲ್ಲೇ ಇರುವಾಗ ಜನ ಒಬ್ಬನೇ ಒಬ್ಬನನ್ನು ಯಾಕೆ ನೆನಪಿಟ್ಟುಕೊಂಡರು ಎಂಬ ಪ್ರಶ್ನೆಯನ್ನು ಅದರಿಂದ ಎತ್ತಿದ್ದರೆ ಅದು ಒಳ್ಳೆಯ ಪ್ರಬಂಧವೇ ಆಗಿರುತ್ತಿತ್ತು. ಅವನ ತಪ್ಪು, ಕಥೆಯನ್ನು ಶಾಸನದ ಜಾಗದಲ್ಲಿ ಕೂರಿಸಿದ್ದು.

ಉಲ್ಲೇಖಕ್ಕೆ 15 ಮಾತ್ರ ಇಟ್ಟರೆ ಕದ್ದು ಬರೆಯುವವರಿಗೆ ದಾರಿ ಮಾಡಿಕೊಟ್ಟಂತಾಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಎರಡನ್ನೂ ಬೇರೆ ಇಟ್ಟರೆ. ಪುಟಸಂಖ್ಯೆ ಮರೆತದ್ದು, ಅಲ್ಪವಿರಾಮ ತಪ್ಪಿದ್ದು ಈ 15ರ ಒಳಗಿನ ಲೆಕ್ಕ. ಇನ್ನೊಬ್ಬರ ವಾಕ್ಯಗಳನ್ನು ತನ್ನವೆಂದು ಇಟ್ಟದ್ದು ರೂಬ್ರಿಕ್‌ನ ಹೊರಗಿನ ವಿಷಯ. ಅದಕ್ಕೆ ಮೂರು ಅಂಕ ಕಳೆಯುವುದಲ್ಲ, ಆ ಪ್ರಬಂಧಕ್ಕೆ ಅಂಕ ಹಾಕುವುದನ್ನೇ ನಿಲ್ಲಿಸಿ ವಿಭಾಗದ ನಿಯಮದಂತೆ ವಿಚಾರಿಸಬೇಕು. ಇವೆರಡನ್ನೂ ಒಂದೇ ಕಾಲಮ್ಮಿಗೆ ಹಾಕುವುದರಿಂದ ಕದ್ದವನು ಸ್ವಲ್ಪದರಲ್ಲಿ ಪಾರಾಗುತ್ತಾನೆ, ಮರೆತವಳು ಕಳ್ಳಿ ಎನಿಸಿಕೊಳ್ಳುತ್ತಾಳೆ.

ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅಂಕ ಹಾಕುವ ಕ್ರಮ ಸರಿಯಿಲ್ಲದಿದ್ದರೆ ಫಲ ಸಿಗದು. ಒಂದು ಪ್ರಬಂಧವನ್ನು ಪೂರ್ತಿ ಓದಿ ನಾಲ್ಕೂ ಕಾಲಮ್ಮು ತುಂಬಿದರೆ ಮೊದಲ ಪುಟದ ಸೊಗಸಾದ ಭಾಷೆ ಎಲ್ಲ ಕಾಲಮ್ಮುಗಳಿಗೂ ಹರಡಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಎಲ್ಲ ಪ್ರಬಂಧಗಳ ದೃಶ್ಯ ಸಾಕ್ಷ್ಯವನ್ನು ಮೊದಲು ನೋಡಿ ಮುಗಿಸಿ, ಆಮೇಲೆ ವಾದ, ಆಮೇಲೆ ಉಲ್ಲೇಖ ಎಂದು ಹೋಗುವುದು ಒಳ್ಳೆಯದು. ಸಮಯ ಹೆಚ್ಚು ಹಿಡಿಯುತ್ತದೆ, ನಿಜ. ಇಬ್ಬರು ಅಧ್ಯಾಪಕರಿದ್ದರೆ ಶುರುವಿನಲ್ಲಿ ನಾಲ್ಕೈದು ಪ್ರಬಂಧಗಳನ್ನು ಇಬ್ಬರೂ ಬೇರೆ ಬೇರೆಯಾಗಿ ನೋಡಿ ಅಂಕಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಬೇಕು. ಅಂತರ ದೊಡ್ಡದಿದ್ದರೆ ಸರಾಸರಿ ತೆಗೆದು ಮುಂದೆ ಹೋಗುವುದು ನಮ್ಮಲ್ಲಿ ರೂಢಿ. ಅದು ಬೇಡ. ಅಂತರ ಯಾವ ಕಾಲಮ್ಮಿನಲ್ಲಿ ಬಂತೋ ಅಲ್ಲಿನ ವಿವರಣೆ ಇಬ್ಬರಿಗೂ ಬೇರೆ ಬೇರೆ ಅರ್ಥ ಕೊಟ್ಟಿದೆ ಎಂದು ತಿಳಿದು, ಆ ಸಾಲನ್ನು ತಿದ್ದಿ ಬರೆಯಬೇಕು.

ಈ ಹಂಚಿಕೆ ಎಲ್ಲ ಪ್ರಶ್ನೆಗಳಿಗೂ ಒಗ್ಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ಹೊಯ್ಸಳ ಶಿಲ್ಪಿಗಳ ಬಗ್ಗೆ ನರಸಿಂಹಾಚಾರ್ ಮತ್ತು ಕಾಲಿಯರ್ ಅವರ ನಿಲುವುಗಳನ್ನು ಹೋಲಿಸಿ ಎಂದು ಕೇಳಿದರೆ ಅಲ್ಲಿ ಪುಸ್ತಕಗಳೇ ಸಾಕ್ಷ್ಯ, ದೃಶ್ಯ ಸಾಕ್ಷ್ಯಕ್ಕೆ 40 ಇಡುವುದು ಸರಿಯಲ್ಲ, ಷರತ್ತಂತೂ ಕೂಡದು. ಪ್ರವಾಸಕ್ಕೆ ಹೋಗಲಾಗದ ವಿದ್ಯಾರ್ಥಿಗಳಿದ್ದರೆ ಅಧ್ಯಾಪಕರೇ ಎಲ್ಲರಿಗೂ ಒಂದೇ ಕಂತೆಯ ಒಳ್ಳೆಯ ಫೋಟೊಗಳನ್ನು ಕೊಡಬೇಕು, ಇಲ್ಲದಿದ್ದರೆ ಬಸ್ ಚಾರ್ಜು ಇದ್ದವರಿಗೆ ಅಂಕ ಕೊಟ್ಟಂತಾಗುತ್ತದೆ. ಭಾಷೆಯ 10 ಅಂಕವನ್ನೂ ತಮ್ಮ ಊರಿನ ಕನ್ನಡದಲ್ಲಿ ಬರೆದರು ಎಂಬ ಕಾರಣಕ್ಕೆ ಕಳೆಯಬಾರದು, ಹೇಳಿದ್ದು ಅರ್ಥವಾಗದಿದ್ದರೆ ಮಾತ್ರ ಕಳೆಯಬೇಕು.

ಕಲಾ ಇತಿಹಾಸ ಪಾಠ ಮಾಡುವವರಲ್ಲಿ ನನ್ನದೊಂದೇ ಕೋರಿಕೆ. ಈ ಹಾಳೆಯನ್ನು ಅಂಕ ಹಾಕುವ ದಿನ ಬೀರುವಿನಿಂದ ತೆಗೆಯಬೇಡಿ. ಪ್ರಶ್ನೆ ಕೊಡುವ ದಿನವೇ ವಿದ್ಯಾರ್ಥಿಗಳ ಕೈಗೆ ಕೊಡಿ, ಹಳೆಯ ಪ್ರಬಂಧವೊಂದನ್ನು ಹೆಸರು ಮುಚ್ಚಿ ಹಂಚಿ, ಅದಕ್ಕೆ ಅವರೇ ಅಂಕ ಹಾಕಲಿ. ಎಲ್ಲಿ ಅವರ ಅಂಕ ನಿಮ್ಮದಕ್ಕಿಂತ ಬಹಳ ಬೇರೆಯಾಗುತ್ತದೋ ಅಲ್ಲಿಂದ ಮುಂದಿನ ಪಾಠ ಶುರು ಮಾಡಿ.